ಒಂದೇ ಇಮೇಲ್, ಎರಡು ಲಾಗಿನ್: ಖಾತೆ ಜೋಡಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಮೇಲ್ ಮತ್ತು ಪಾಸ್‌ವರ್ಡ್ ಕೊಟ್ಟು ಖಾತೆ ತೆರೆದವರು ಕೆಲವು ತಿಂಗಳ ನಂತರ ಅದನ್ನು ಮರೆತು, ಅದೇ ಇಮೇಲ್ ಇರುವ ಗೂಗಲ್ ಅಥವಾ ಆಪಲ್ ಲಾಗಿನ್ ಗುಂಡಿಯನ್ನು ಒತ್ತುತ್ತಾರೆ. ಆಗ ಎರಡನೆಯ ಖಾತೆ ಹುಟ್ಟಬಾರದು, ಅವರ ಹಳೆಯ ಮಾಹಿತಿಯೇ ಅವರಿಗೆ ಕಾಣಬೇಕು. ಆದರೆ ಈ ಅನುಕೂಲದ ಮರೆಯಲ್ಲಿ ಬೇರೆಯವರು ಒಳನುಗ್ಗಬಾರದು. ಈ ವ್ಯವಸ್ಥೆಯನ್ನು ಕಟ್ಟುವ ತಂಡಗಳಿಂದ ಹೆಚ್ಚಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಇಮೇಲ್ ಒಂದೇ ಆಗಿದ್ದರೆ ಎರಡು ಖಾತೆಗಳನ್ನು ತಾನಾಗಿಯೇ ಸೇರಿಸಿಬಿಟ್ಟರೆ ತೊಂದರೆ ಏನು?

ಒಂದು ಪ್ರಸಂಗವನ್ನು ಹಂತ ಹಂತವಾಗಿ ನೋಡೋಣ. ಕಾವ್ಯ ಎಂಬುವವರ ಇಮೇಲ್ `kavya@example.com`. ನಿಮ್ಮ ಸೇವೆಯಲ್ಲಿ ಅವರಿಗೆ ಇನ್ನೂ ಖಾತೆ ಇಲ್ಲ. ಅವರ ಇಮೇಲ್ ಗೊತ್ತಿರುವ ದಾಳಿಕೋರನೊಬ್ಬ ಸೋಮವಾರ ಅದೇ ವಿಳಾಸವನ್ನು ಕೊಟ್ಟು, ತನಗೆ ಬೇಕಾದ ಪಾಸ್‌ವರ್ಡ್ ಇಟ್ಟು ಖಾತೆ ತೆರೆಯುತ್ತಾನೆ. ದೃಢೀಕರಣದ ಪತ್ರ ಕಾವ್ಯ ಅವರ ಪೆಟ್ಟಿಗೆಗೆ ಹೋಗುತ್ತದೆ. ಅವರು ಅದನ್ನು ಲೆಕ್ಕಿಸುವುದಿಲ್ಲ. ಖಾತೆ ದೃಢಪಡದೆಯೇ ಉಳಿಯುತ್ತದೆ, ಆದರೆ ಡೇಟಾಬೇಸಿನಲ್ಲಿ ಅದರ ಸಾಲು ಇದ್ದೇ ಇರುತ್ತದೆ.

ಮೂರು ವಾರಗಳ ನಂತರ ಕಾವ್ಯ ತಾವಾಗಿಯೇ ನಿಮ್ಮ ಸೇವೆಗೆ ಬಂದು ಗೂಗಲ್ ಮೂಲಕ ಲಾಗಿನ್ ಆಗುತ್ತಾರೆ. ಇಮೇಲ್ ದೃಢಪಟ್ಟಿದೆ ಎಂದು ಗೂಗಲ್ ಹೇಳುತ್ತದೆ, ಅದು ನಿಜವೂ ಹೌದು. ನಿಮ್ಮ ಕೋಡ್ ಆ ಇಮೇಲಿನ ಹಳೆಯ ಸಾಲನ್ನು ಹುಡುಕಿ, ಗೂಗಲ್ ಗುರುತನ್ನು ಅದಕ್ಕೆ ಜೋಡಿಸಿ, ಖಾತೆಯನ್ನು ದೃಢಪಟ್ಟದ್ದೆಂದು ಗುರುತಿಸುತ್ತದೆ. ಕಾವ್ಯ ತಮ್ಮ ದಾಖಲೆಗಳನ್ನು ಅಲ್ಲಿ ಇಡಲು ಆರಂಭಿಸುತ್ತಾರೆ. ದಾಳಿಕೋರ ಸೋಮವಾರ ಇಟ್ಟ ಪಾಸ್‌ವರ್ಡ್ ಈಗಲೂ ಅದೇ ಖಾತೆಯ ಬಾಗಿಲು ತೆರೆಯುತ್ತದೆ. ಕಾವ್ಯ ಯಾವ ತಪ್ಪನ್ನೂ ಮಾಡಿಲ್ಲ, ಗೂಗಲ್ ಹೇಳಿದ್ದರಲ್ಲಿ ಸುಳ್ಳಿಲ್ಲ. ತಪ್ಪೆಲ್ಲ ಜೋಡಣೆಯ ಆ ಒಂದು ಹೆಜ್ಜೆಯಲ್ಲಿದೆ.

ಖಾತೆ ಹುಟ್ಟುವ ಮೊದಲೇ ಅದನ್ನು ವಶಕ್ಕೆ ತೆಗೆದುಕೊಳ್ಳುವ ಈ ಬಗೆಯ ದಾಳಿಗಳನ್ನು ಅವಿನಾಶ್ ಸುಧೋದನನ್ ಮತ್ತು ಆಂಡ್ರ್ಯೂ ಪ್ಯಾವರ್ಡ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಅವರು ಪರೀಕ್ಷಿಸಿದ 75 ಜನಪ್ರಿಯ ಸೇವೆಗಳಲ್ಲಿ ಕನಿಷ್ಠ 35 ಸೇವೆಗಳು ಇಂಥ ಒಂದಾದರೂ ದಾಳಿಗೆ ತೆರೆದುಕೊಂಡಿದ್ದವು.

ಹಾಗಾದರೆ ಪ್ರೊವೈಡರ್ ಕಳಿಸುವ `email_verified` ನೋಡಿದರೆ ಸಾಲದೇ?

ಸಾಲದು. ಮೇಲಿನ ಪ್ರಸಂಗದಲ್ಲಿ ಆ ಮೌಲ್ಯ ನಿಜವಾಗಿಯೇ `true` ಆಗಿತ್ತು. ದೃಢಪಡಬೇಕಾದದ್ದು ಎರಡೂ ಬದಿ: ಈಗ ಬರುತ್ತಿರುವ ಗುರುತಿನ ಬದಿ ಮತ್ತು ನಿಮ್ಮಲ್ಲಿ ಈಗಾಗಲೇ ಇರುವ ಖಾತೆಯ ಬದಿ. ಹೆಚ್ಚಿನ ತಂಡಗಳು ಮೊದಲನೆಯದನ್ನು ಮಾತ್ರ ನೋಡುತ್ತವೆ.

ಇನ್ನು, ಬರುತ್ತಿರುವ ಬದಿಯಲ್ಲಿಯೂ ಆ ಪದಕ್ಕೆ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಯಾರು ದೃಢಪಡಿಸಿದರು, ಯಾವಾಗ ದೃಢಪಡಿಸಿದರು ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಪ್ರೊವೈಡರ್‌ಗೂ ಪ್ರತ್ಯೇಕವಾಗಿ ಕೇಳಬೇಕು. ಗೂಗಲ್ ಉದಾಹರಣೆ ತೆಗೆದುಕೊಳ್ಳಿ. ವಿಳಾಸ `@gmail.com` ಎಂದು ಮುಗಿಯುತ್ತಿದ್ದರೆ ಆ ಪೆಟ್ಟಿಗೆಯನ್ನು ನಡೆಸುವುದೇ ಗೂಗಲ್, ಹೀಗಾಗಿ ಅದರ ಮಾತು ಅಧಿಕೃತ. `email_verified` ನಿಜವಾಗಿದ್ದು ಟೋಕನ್‌ನಲ್ಲಿ `hd` ಎಂಬ ಮೌಲ್ಯವೂ ಇದ್ದರೆ, ಅದು ಸಂಸ್ಥೆಯೊಂದು ಗೂಗಲ್‌ನಲ್ಲಿ ನಡೆಸುತ್ತಿರುವ ಖಾತೆ, ಅಲ್ಲಿಯೂ ಗೂಗಲ್ ಅಧಿಕೃತ. ಇವೆರಡೂ ಅಲ್ಲದೆ, ಬೇರೆ ಕಡೆಯ ಇಮೇಲ್ ಇಟ್ಟುಕೊಂಡು ತೆರೆದ ಗೂಗಲ್ ಖಾತೆಯಾದರೆ, ಅಲ್ಲಿ ದೃಢೀಕರಣ ನಡೆದದ್ದು ಹಿಂದೆ ಎಂದೋ ಒಮ್ಮೆ. ಈ ನಡುವೆ ಆ ಪೆಟ್ಟಿಗೆ ಬೇರೆಯವರ ಕೈಗೆ ಹೋಗಿದ್ದರೂ `true` ಎಂಬ ಮೌಲ್ಯ ಬದಲಾಗುವುದಿಲ್ಲ.

ಇದಕ್ಕಿಂತ ಅಪಾಯಕಾರಿ ಸ್ಥಿತಿಯೂ ಉಂಟು. ಮೈಕ್ರೋಸಾಫ್ಟ್‌ನ ಸಂಸ್ಥಾ ಖಾತೆಗಳಲ್ಲಿ ಬಳಕೆದಾರರ ಇಮೇಲ್ ಮೌಲ್ಯವನ್ನು ಆ ಸಂಸ್ಥೆಯ ಆಡಳಿತಗಾರರು ತಮಗೆ ಬೇಕಾದಂತೆ ಬರೆಯಬಹುದಿತ್ತು. ಆ ಮೌಲ್ಯವನ್ನೇ ಗುರುತೆಂದು ನಂಬಿದ ಆ್ಯಪ್‌ಗಳಿಗೆ, ದಾಳಿಕೋರ ತನ್ನದೇ ಸಂಸ್ಥೆಯನ್ನು ನೋಂದಾಯಿಸಿ, ಅಲ್ಲಿನ ಬಳಕೆದಾರನಿಗೆ ಬೇರೆಯವರ ಇಮೇಲ್ ಬರೆದು ಪ್ರವೇಶಿಸಬಹುದಿತ್ತು. ಇದು `nOAuth` ಎಂಬ ಹೆಸರಿನಲ್ಲಿ 2023ರ ಜೂನ್‌ನಲ್ಲಿ ಬಹಿರಂಗವಾಯಿತು.

ಒಂದು ಸಣ್ಣ ವಿಷಯವನ್ನೂ ಇಲ್ಲೇ ಹೇಳಬೇಕು. ಆಪಲ್ ಈ ಮೌಲ್ಯವನ್ನು ಬೂಲಿಯನ್ ಆಗಿಯೂ ಕಳಿಸಬಹುದು, ಅಕ್ಷರಗಳ ಸಾಲಾಗಿಯೂ ಕಳಿಸಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ `"false"` ಎಂಬ ಅಕ್ಷರಸಾಲು `if` ಪರೀಕ್ಷೆಯಲ್ಲಿ ನಿಜವೆಂದೇ ಲೆಕ್ಕ. ಆದ್ದರಿಂದ `if (claims.email_verified)` ಎಂದು ಬರೆದ ಸಾಲು ಸರಿಯಾಗಿ ಕಂಡರೂ ತಪ್ಪು. ಮೌಲ್ಯ `true` ಅಥವಾ `"true"` ಆಗಿದ್ದರೆ ಮಾತ್ರ ಒಪ್ಪಿ, ಉಳಿದದ್ದೆಲ್ಲವನ್ನೂ, ಮೌಲ್ಯವೇ ಬಾರದಿರುವುದನ್ನೂ ಸೇರಿಸಿ, ದೃಢಪಡದ್ದೆಂದೇ ಎಣಿಸಬೇಕು.

ಇಮೇಲನ್ನು ನಂಬದಿದ್ದರೆ ಬಳಕೆದಾರರನ್ನು ಯಾವುದರಿಂದ ಗುರುತಿಸಬೇಕು?

ಟೋಕನ್ ಕೊಟ್ಟ ಪ್ರೊವೈಡರ್ ಯಾರೆಂದು ಹೇಳುವ `iss` ಮತ್ತು ಆ ಪ್ರೊವೈಡರ್‌ನಲ್ಲಿ ಬಳಕೆದಾರರಿಗಿರುವ ಗುರುತಾದ `sub` ಎರಡನ್ನೂ ಜೊತೆಯಾಗಿ ಬಳಸಬೇಕು. ಬಳಕೆದಾರರ ಸ್ಥಿರ ಗುರುತಾಗಿ ನಂಬಬಹುದಾದದ್ದು ಈ ಜೋಡಿ ಮಾತ್ರ ಎಂದು ಓಪನ್ಐಡಿ ಕನೆಕ್ಟ್ ನಿಯಮಾವಳಿಯೇ ಹೇಳುತ್ತದೆ. ಇಮೇಲ್‌ಗೆ ಇರುವ ಕೆಲಸ ಒಂದೇ: ಮೊದಲ ಸಲ ಬಂದವರಿಗೆ ನಮ್ಮಲ್ಲಿ ಹಳೆಯ ಖಾತೆ ಇರಬಹುದೇ ಎಂಬ ಸುಳಿವು ಕೊಡುವುದು. ಒಮ್ಮೆ ಜೋಡಣೆ ಆದ ಮೇಲೆ ಪ್ರತಿ ಲಾಗಿನ್‌ನಲ್ಲಿಯೂ ನೋಡಬೇಕಾದದ್ದು ಈ ಕೋಷ್ಟಕವನ್ನು, ಇಮೇಲನ್ನಲ್ಲ:

```sql
CREATE TABLE identities (
  user_id   BIGINT NOT NULL REFERENCES users(id),
  iss       TEXT NOT NULL,
  sub       TEXT NOT NULL,
  email_at_link TEXT,
  linked_at TIMESTAMPTZ NOT NULL,
  PRIMARY KEY (iss, sub)
);
```

`email_at_link` ಎಂಬುದು ಜೋಡಣೆಯಾದಾಗ ಇದ್ದ ವಿಳಾಸದ ದಾಖಲೆ ಮಾತ್ರ, ಅದರಿಂದ ಯಾರನ್ನೂ ಒಳಗೆ ಬಿಡಬಾರದು. ಆದರೂ ಅದಕ್ಕೊಂದು ಒಳ್ಳೆಯ ಉಪಯೋಗವಿದೆ. ಅದೇ ಪ್ರೊವೈಡರ್‌ನಿಂದ, ಅದೇ ಇಮೇಲಿನೊಂದಿಗೆ, ಆದರೆ ಬೇರೆ `sub` ಇರುವ ಟೋಕನ್ ಬಂದರೆ ಅಲ್ಲಿಯೇ ನಿಲ್ಲಿಸಿ. ಕೆಲಸ ಬಿಟ್ಟವರ ವಿಳಾಸವನ್ನು ಸಂಸ್ಥೆ ಹೊಸಬರಿಗೆ ಕೊಟ್ಟಾಗ, ಅಥವಾ ಅವಧಿ ಮುಗಿದ ಡೊಮೇನನ್ನು ಬೇರೆ ಯಾರೋ ಕೊಂಡು ಹಳೆಯ ವಿಳಾಸಗಳನ್ನು ಮತ್ತೆ ಸೃಷ್ಟಿಸಿದಾಗ ಕಾಣುವ ಲಕ್ಷಣ ಇದೇ. ವಿಳಾಸ ಹಳೆಯದು, ಮನುಷ್ಯರು ಬೇರೆ. ಬಹಳ ಕಾಲ ಬಳಸದ ವಿಳಾಸಗಳನ್ನು ಹೊಸಬರಿಗೆ ಕೊಡುವುದಾಗಿ 2013ರಲ್ಲಿ ಯಾಹೂ ಪ್ರಕಟಿಸಿತ್ತು ಎಂಬುದನ್ನು ನೆನೆದರೆ, ಇದು ಸಣ್ಣ ಡೊಮೇನ್‌ಗಳಿಗಷ್ಟೇ ಸೀಮಿತವಾದ ಚಿಂತೆಯಲ್ಲ ಎಂಬುದು ಗೊತ್ತಾಗುತ್ತದೆ.

ಯಾವಾಗ ತಾನಾಗಿ ಜೋಡಿಸಬಹುದು, ಯಾವಾಗ ಕೇಳಬೇಕು?

ನಾನು ಬಳಸುವ ಅಳತೆಗೋಲು ಇದು: ಜೋಡಣೆಯ ದಾರಿ ನಿಮ್ಮ ಪಾಸ್‌ವರ್ಡ್ ಮರುಹೊಂದಿಕೆಯ ದಾರಿಗಿಂತ ಸಡಿಲವಾಗಿರಬಾರದು. ಪೆಟ್ಟಿಗೆಯನ್ನು ಈ ಕ್ಷಣ ಓದಬಲ್ಲವರು ಮರುಹೊಂದಿಕೆಯ ಕೊಂಡಿಯನ್ನು ತರಿಸಿಕೊಂಡು ಹೇಗೂ ಖಾತೆಗೆ ಪ್ರವೇಶ ಪಡೆಯಬಲ್ಲರು. ಅವರಿಗೆ ಅಷ್ಟೇ ಅಧಿಕಾರವನ್ನು ಜೋಡಣೆಯ ಮೂಲಕ ಕೊಟ್ಟರೆ ಹೊಸ ಅಪಾಯವೇನೂ ಹುಟ್ಟುವುದಿಲ್ಲ. ಅದಕ್ಕಿಂತ ಕಡಿಮೆ ಪುರಾವೆಗೆ ಕೊಟ್ಟರೆ ಹುಟ್ಟುತ್ತದೆ.

ಇದನ್ನು ಕಾವ್ಯ ಅವರ ಪ್ರಸಂಗಕ್ಕೇ ಅನ್ವಯಿಸಿ ನೋಡೋಣ. ಅವರ ಹಳೆಯ ಖಾತೆಯನ್ನು ಅವರೇ ತೆರೆದು, ಇಮೇಲ್ ದೃಢಪಡಿಸಿದ್ದರು ಎಂದುಕೊಳ್ಳಿ. ಈಗ ಗೂಗಲ್ ಟೋಕನ್‌ನಲ್ಲಿ `hd` ಮೌಲ್ಯ `example.com` ಎಂದಿದೆ. ಪೆಟ್ಟಿಗೆಯನ್ನು ನಡೆಸುವ ಸಂಸ್ಥೆಯೇ ಅವರ ಪರವಾಗಿ ಮಾತನಾಡುತ್ತಿದೆ, ಆದ್ದರಿಂದ ತಾನಾಗಿ ಜೋಡಿಸಬಹುದು. ಅದೇ ಟೋಕನ್‌ನಲ್ಲಿ `hd` ಇಲ್ಲದಿದ್ದರೆ, ಅವರು ಪೆಟ್ಟಿಗೆಯನ್ನು ಈಗಲೂ ಹೊಂದಿದ್ದಾರೆ ಎಂಬುದಕ್ಕೆ ಪುರಾವೆ ಇಲ್ಲ. ಆಗ ಹಳೆಯ ಪಾಸ್‌ವರ್ಡ್ ಕೇಳಬೇಕು, ಅದು ನೆನಪಿಲ್ಲದಿದ್ದರೆ ಆ ವಿಳಾಸಕ್ಕೆ ಆರು ಅಂಕಿಯ ಸಂಕೇತ ಕಳಿಸಿ, ಲಾಗಿನ್ ನಡೆಯುತ್ತಿರುವ ಅದೇ ಬ್ರೌಸರ್‌ನಲ್ಲಿ ತುಂಬಿಸಿಕೊಳ್ಳಬೇಕು. ಸಂಕೇತಕ್ಕೆ ಹತ್ತು ನಿಮಿಷದ ಆಯುಸ್ಸು, ಐದು ಪ್ರಯತ್ನಗಳ ಮಿತಿ ಇಟ್ಟರೆ ಸಾಕಾಗುತ್ತದೆ.

ಹಳೆಯ ಖಾತೆಗೆ ಎರಡನೆಯ ಹಂತದ ದೃಢೀಕರಣ ಇದ್ದರೆ ಪ್ರೊವೈಡರ್ ಎಷ್ಟೇ ಅಧಿಕೃತವಾಗಿದ್ದರೂ ಅದನ್ನು ಕೇಳಲೇಬೇಕು. ಪೆಟ್ಟಿಗೆ ಕೈತಪ್ಪಿದರೂ ಖಾತೆ ಉಳಿಯಲಿ ಎಂದೇ ಬಳಕೆದಾರರು ಅದನ್ನು ಇಟ್ಟುಕೊಂಡಿರುತ್ತಾರೆ. ಜೋಡಣೆಯ ದಾರಿಯಲ್ಲಿ ಅದನ್ನು ಬಿಟ್ಟುಬಿಟ್ಟರೆ ಅವರು ಹಾಕಿದ ಬೀಗವನ್ನು ನಾವೇ ತೆಗೆದಂತೆ.

ಹಳೆಯ ಖಾತೆ ದೃಢಪಡದೆ ಉಳಿದಿದ್ದರೆ ಅದನ್ನು ಏನು ಮಾಡಬೇಕು?

ಅದಕ್ಕೆ ಯಾವುದನ್ನೂ ಜೋಡಿಸಬಾರದು. ಅದನ್ನು ತೆರೆದವರು ಯಾರೆಂದು ನಮಗೆ ತಿಳಿಯದು, ಆದ್ದರಿಂದ ಅದರೊಳಗೆ ಇರುವ ಎಲ್ಲವೂ ಅನುಮಾನಕ್ಕೆ ಒಳಪಟ್ಟದ್ದೇ. ದೃಢಪಟ್ಟ ಗುರುತಿನೊಂದಿಗೆ ಬಂದವರಿಗೆ ಹೊಸ ಖಾತೆ ತೆರೆದು, ಹಳೆಯ ಸಾಲಿನಿಂದ ಇಮೇಲನ್ನು ಬಿಡಿಸಿ, ಆ ಸಾಲನ್ನು ನಿಷ್ಕ್ರಿಯಗೊಳಿಸುವುದು ಸರಿಯಾದ ಕ್ರಮ.

ಪಾಸ್‌ವರ್ಡ್ ಅಳಿಸಿ ಹಳೆಯ ಖಾತೆಯನ್ನೇ ಉಳಿಸಿಕೊಂಡರಾಗದೇ ಎಂದು ಹಲವರು ಕೇಳುತ್ತಾರೆ. ಪಾಸ್‌ವರ್ಡ್ ಅಳಿಸಿದರೂ ದಾಳಿಕೋರನ ಬ್ರೌಸರ್‌ನಲ್ಲಿ ತೆರೆದಿರುವ ಸೆಷನ್ ಹಾಗೇ ಉಳಿಯಬಹುದು. ಅವನು ಮೊದಲೇ ತನ್ನ ಇನ್ನೊಂದು ಪ್ರೊವೈಡರ್ ಗುರುತನ್ನು ಅಥವಾ ತನ್ನ ಫೋನ್ ಸಂಖ್ಯೆಯನ್ನು ಅದೇ ಖಾತೆಗೆ ಸೇರಿಸಿಟ್ಟಿರಬಹುದು. ಖಾತೆಯ ಇಮೇಲನ್ನು ತನ್ನ ವಿಳಾಸಕ್ಕೆ ಬದಲಿಸುವ ಕೋರಿಕೆ ಸಲ್ಲಿಸಿ, ಆ ಕೊಂಡಿಯನ್ನು ಒತ್ತದೆ ತಿಂಗಳುಗಟ್ಟಲೆ ಕಾದು, ನಿಜವಾದ ಒಡೆಯರು ಬಂದ ಮೇಲೆ ಒತ್ತಬಹುದು. ಎಪಿಐ ಕೀಲಿ ಪಡೆದಿರಬಹುದು, ಇಮೇಲ್ ಮುನ್ನಡೆಸುವ ನಿಯಮ ಬರೆದಿರಬಹುದು. ಇವನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆಯುವ ಕೋಡ್ ಬರೆಯಬಹುದು ನಿಜ, ಆದರೆ ಮುಂದಿನ ವರ್ಷ ನಿಮ್ಮ ತಂಡದ ಯಾರೋ ಹೊಸದೊಂದು ಪ್ರವೇಶ ಮಾರ್ಗವನ್ನು ಸೇರಿಸಿದಾಗ ಈ ಪಟ್ಟಿಗೆ ಅದನ್ನು ಬರೆಯಲು ಮರೆಯುತ್ತಾರೆ. ಹೊಸ ಸಾಲು ತೆರೆದರೆ ಮರೆಯುವ ಪ್ರಶ್ನೆಯೇ ಇಲ್ಲ.

ಕಾವ್ಯ ಅವರೇ ಆ ಖಾತೆಯನ್ನು ತೆರೆದು, ದೃಢಪಡಿಸದೆ ಅದರಲ್ಲಿ ಏನಾದರೂ ಇಟ್ಟಿದ್ದರೆ ಅದು ಕಳೆದುಹೋಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಪರಿಹಾರ ಇನ್ನೂ ಹಿಂದಿನ ಹಂತದಲ್ಲಿದೆ: ಇಮೇಲ್ ದೃಢಪಡುವವರೆಗೆ `users` ಕೋಷ್ಟಕದಲ್ಲಿ ಸಾಲನ್ನೇ ಬರೆಯಬೇಡಿ. ನೋಂದಣಿಯನ್ನು ಪ್ರತ್ಯೇಕವಾದ ಬಾಕಿ ಕೋಷ್ಟಕದಲ್ಲಿಟ್ಟು 24 ಗಂಟೆಗಳಲ್ಲಿ ಅಳಿಸಿಬಿಡಿ. ಆಗ ದೃಢಪಡದ ಖಾತೆಯೆಂಬುದೇ ನಿಮ್ಮ ವ್ಯವಸ್ಥೆಯಲ್ಲಿ ಇರುವುದಿಲ್ಲ.

ಹಳೆಯ ಖಾತೆ ದೃಢಪಟ್ಟಿದ್ದರೆ ಅದರ ಪಾಸ್‌ವರ್ಡ್ ಸಹ ಒಡೆಯರದೇ ಎಂದು ನಂಬಬಹುದೇ?

ನೀವು ದೃಢೀಕರಣವನ್ನು ಹೇಗೆ ಮಾಡಿಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ, ಮತ್ತು ಇಡೀ ವಿಷಯದಲ್ಲಿ ಅತಿ ಕಡಿಮೆ ಗಮನ ಸಿಗುವ ಜಾಗ ಇದೇ.

ಸಾಮಾನ್ಯ ಕ್ರಮದಲ್ಲಿ ನೋಂದಣಿಯ ಪುಟದಲ್ಲೇ ಪಾಸ್‌ವರ್ಡ್ ತೆಗೆದುಕೊಂಡು, ಆಮೇಲೆ ಇಮೇಲಿಗೆ ಒಂದು ಕೊಂಡಿ ಕಳಿಸುತ್ತೇವೆ. ದಾಳಿಕೋರ ಕಾವ್ಯ ಅವರ ವಿಳಾಸ ಕೊಟ್ಟು ತನ್ನ ಪಾಸ್‌ವರ್ಡ್ ಇಟ್ಟಿದ್ದಾನೆ. ಕೊಂಡಿ ಕಾವ್ಯ ಅವರಿಗೆ ಬರುತ್ತದೆ. ‘ನಿಮ್ಮ ಇಮೇಲ್ ದೃಢಪಡಿಸಿ’ ಎಂಬ ಗುಂಡಿಯನ್ನು ಅವರು ಅಭ್ಯಾಸಬಲದಿಂದ ಒತ್ತುತ್ತಾರೆ, ಅಥವಾ ಅವರ ಸಂಸ್ಥೆಯ ಪತ್ರ ತಪಾಸಣೆ ತಂತ್ರಾಂಶ ಕೊಂಡಿಗಳನ್ನೆಲ್ಲ ತಾನೇ ತೆರೆದು ನೋಡುತ್ತದೆ. ಖಾತೆ ದೃಢಪಟ್ಟಿತು, ಅದರ ಪಾಸ್‌ವರ್ಡ್ ಮಾತ್ರ ದಾಳಿಕೋರನದು. ಈಗ ನಿಮ್ಮ ಡೇಟಾಬೇಸಿನ ಪ್ರಕಾರ ಎರಡೂ ಬದಿ ದೃಢಪಟ್ಟಿವೆ, ಜೋಡಣೆಯ ನಿಯಮವೂ ಪಾಲನೆಯಾಗಿದೆ, ಆದರೂ ಖಾತೆಯ ಒಂದು ಕೀಲಿ ಬೇರೆಯವರ ಬಳಿ ಇದೆ.

ಇದನ್ನು ತಡೆಯಲು ಎರಡು ದಾರಿಗಳಿವೆ. ಕೊಂಡಿ ತೆರೆದ ನಂತರವೇ, ಆ ಪುಟದಲ್ಲಿಯೇ, ಪಾಸ್‌ವರ್ಡ್ ಇಡಲು ಕೇಳುವುದು ಒಂದು. ಆಗ ಪೆಟ್ಟಿಗೆ ಯಾರದೋ ಪಾಸ್‌ವರ್ಡ್ ಅವರದೇ ಆಗುತ್ತದೆ. ಕೊಂಡಿಯ ಬದಲು ಸಂಕೇತ ಕಳಿಸಿ, ನೋಂದಣಿ ಆರಂಭಿಸಿದ ಬ್ರೌಸರ್‌ನಲ್ಲಿಯೇ ಅದನ್ನು ತುಂಬಿಸುವುದು ಇನ್ನೊಂದು. ದಾಳಿಕೋರನ ಬ್ರೌಸರ್‌ಗೆ ಆ ಸಂಕೇತ ತಲುಪುವುದಿಲ್ಲ, ಕಾವ್ಯ ಅವರ ಬಳಿ ಅದನ್ನು ತುಂಬಲು ಪುಟವೇ ಇರುವುದಿಲ್ಲ. ನನ್ನ ಆಯ್ಕೆ ಮೊದಲನೆಯದು, ಏಕೆಂದರೆ ಸಂಕೇತವನ್ನು ಫೋನ್ ಮಾಡಿ ಮರುಳುಮಾಡಿ ಕೇಳಿಸಿಕೊಳ್ಳುವ ವಂಚನೆಗೆ ಅಲ್ಲಿ ಎಡೆಯಿಲ್ಲ.

ಮೊದಲು ಗೂಗಲ್ ಮೂಲಕ ಬಂದವರ ವಿಳಾಸಕ್ಕೆ ಯಾರಾದರೂ ಪಾಸ್‌ವರ್ಡ್ ಖಾತೆ ತೆರೆಯಲು ಬಂದರೆ?

ನೋಂದಣಿಯ ಪುಟದಲ್ಲಿ ಎಲ್ಲರಿಗೂ ತೋರಿಸುವ ಸಂದೇಶವನ್ನೇ ತೋರಿಸಿ, ಆ ವಿಳಾಸಕ್ಕೆ ಬೇರೆ ಪತ್ರ ಕಳಿಸಿ: ‘ಈ ಇಮೇಲಿಗೆ ಈಗಾಗಲೇ ಖಾತೆ ಇದೆ, ನೀವು ಗೂಗಲ್ ಮೂಲಕ ಪ್ರವೇಶಿಸುತ್ತಿದ್ದೀರಿ.’ ಪಾಸ್‌ವರ್ಡ್ ಸೇರಿಸಬೇಕೆನ್ನುವವರು ಗೂಗಲ್ ಮೂಲಕ ಒಳಬಂದು ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಳ್ಳಲಿ. ಖಾತೆ ಇದೆಯೆಂಬ ಸುದ್ದಿ ಹೀಗೆ ಪೆಟ್ಟಿಗೆಯ ಒಡೆಯರಿಗೆ ಮಾತ್ರ ತಲುಪುತ್ತದೆ.

ಇಮೇಲುಗಳು ಹೊಂದದಿದ್ದರೆ ಏನು ಮಾಡಬೇಕು?

ಆಪಲ್ ಬಳಕೆದಾರರು ತಮ್ಮ ಇಮೇಲನ್ನು ಮರೆಮಾಡಿದರೆ ನಿಮಗೆ `privaterelay.appleid.com` ಎಂದು ಮುಗಿಯುವ ವಿಳಾಸ ಬರುತ್ತದೆ. ಅದು ಹಳೆಯ ಖಾತೆಯ ವಿಳಾಸಕ್ಕೆ ಹೊಂದುವುದೇ ಇಲ್ಲ, ಊಹಿಸಿ ಹೊಂದಿಸಲೂ ಬಾರದು. ಹಳೆಯ ಖಾತೆಗೆ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನಿಂದ ಆಪಲ್ ಗುರುತನ್ನು ತಾವೇ ಸೇರಿಸುವ ದಾರಿಯನ್ನು ತೆರೆದಿಡಿ.

ಹೀಗೆ ಕೈಯಾರೆ ಸೇರಿಸುವ ದಾರಿಯಲ್ಲಿ ಒಂದು ಬಿರುಕಿದೆ. ದಾಳಿಕೋರ ತನ್ನ ಪ್ರೊವೈಡರ್ ಖಾತೆಯಿಂದ ಲಾಗಿನ್ ಆರಂಭಿಸಿ, ಮರಳುವ ಕೊಂಡಿಯನ್ನು ತನ್ನಲ್ಲಿ ತೆರೆಯದೆ ನಿಲ್ಲಿಸಿ, ಅದನ್ನು ಕಾವ್ಯ ಅವರ ಬ್ರೌಸರ್‌ನಲ್ಲಿ ತೆರೆಸುತ್ತಾನೆ. ಅವರು ಲಾಗಿನ್ ಆಗಿದ್ದರೆ ದಾಳಿಕೋರನ ಗುರುತು ಅವರ ಖಾತೆಗೆ ಅಂಟಿಕೊಳ್ಳುತ್ತದೆ. `state` ಮೌಲ್ಯವನ್ನು ಸೆಷನ್‌ಗೆ ಬಿಗಿದು ಮರಳುವಾಗ ಹೋಲಿಸಿದರೆ ಇದು ನಿಲ್ಲುತ್ತದೆ. ಜೊತೆಗೆ ಸೇರಿಸುವ ಮೊದಲು ಮತ್ತೊಮ್ಮೆ ಪಾಸ್‌ವರ್ಡ್ ಅಥವಾ ಇರುವ ಗುರುತಿನ ದೃಢೀಕರಣ ಕೇಳುವುದು ಒಳ್ಳೆಯದು.

ಇಮೇಲ್ ಹೋಲಿಸುವಾಗ ದೊಡ್ಡಕ್ಷರ, ಚುಕ್ಕಿ, ಕೂಡು ಚಿಹ್ನೆಗಳನ್ನು ಸಮಮಾಡಬೇಕೇ?

ಇಂಗ್ಲಿಷ್ ಅಕ್ಷರಗಳ ಸಣ್ಣ ದೊಡ್ಡ ವ್ಯತ್ಯಾಸವನ್ನು ಮಾತ್ರ ಸಮಮಾಡಿ. ಚುಕ್ಕಿಗಳನ್ನು ಲೆಕ್ಕಿಸದಿರುವುದು ಜಿಮೇಲ್‌ನ ಪದ್ಧತಿ, ಬೇರೆಡೆ ಚುಕ್ಕಿ ಇರುವ ಮತ್ತು ಇಲ್ಲದ ವಿಳಾಸಗಳು ಇಬ್ಬರು ಬೇರೆ ಬೇರೆ ವ್ಯಕ್ತಿಗಳದಾಗಿರಬಹುದು. ಯೂನಿಕೋಡ್ ಅಕ್ಷರಗಳನ್ನು ಸಮಮಾಡುವ ಗೋಜಿಗೆ ಹೋಗಬೇಡಿ. 2019ರಲ್ಲಿ ಜಾಂಗೊ ಚೌಕಟ್ಟಿನ ಪಾಸ್‌ವರ್ಡ್ ಮರುಹೊಂದಿಕೆಯಲ್ಲಿ ಕಂಡ ದೋಷ ಇಂಥದ್ದೇ: ಅಕ್ಷರ ಸಮೀಕರಣದಿಂದ ಹೊಂದುವಂತೆ ಕಂಡ ಬೇರೆ ವಿಳಾಸಕ್ಕೆ ಕೊಂಡಿ ಹೋಗಬಹುದಿತ್ತು. ಏನೇ ಹೋಲಿಸಿದರೂ ಪತ್ರ ಹೋಗಬೇಕಾದದ್ದು ಡೇಟಾಬೇಸಿನಲ್ಲಿರುವ ವಿಳಾಸಕ್ಕೆ, ಈಗ ಯಾರೋ ತುಂಬಿದ್ದಕ್ಕಲ್ಲ.

ನಮ್ಮ ಸೇವೆ ಹಲವು ವರ್ಷಗಳಿಂದ ತಾನಾಗಿ ಜೋಡಿಸುತ್ತಾ ಬಂದಿದೆ. ಹಳೆಯ ಖಾತೆಗಳಲ್ಲಿ ತೊಂದರೆ ಇದೆಯೇ ಎಂದು ತಿಳಿಯುವುದು ಹೇಗೆ?

ಪಾಸ್‌ವರ್ಡ್ ಇದ್ದು, ಇಮೇಲ್ ದೃಢಪಡುವ ಮೊದಲೇ ಅಥವಾ ಅದೇ ಕ್ಷಣದಲ್ಲಿ ಪ್ರೊವೈಡರ್ ಗುರುತು ಸೇರಿಕೊಂಡ ಖಾತೆಗಳನ್ನು ಹುಡುಕಿ. ಜೋಡಣೆಯೇ ಅವುಗಳನ್ನು ದೃಢಪಟ್ಟದ್ದಾಗಿ ಮಾಡಿದೆ ಎಂದು ಇದರ ಅರ್ಥ:

```sql
SELECT u.id, i.iss, i.linked_at
FROM users u
JOIN identities i ON i.user_id = u.id
WHERE u.password_hash IS NOT NULL
  AND (u.email_verified_at IS NULL
       OR u.email_verified_at >= i.linked_at);
```

ಮೊದಲು ಗೂಗಲ್ ಮೂಲಕ ಬಂದು ಆಮೇಲೆ ತಾವೇ ಪಾಸ್‌ವರ್ಡ್ ಇಟ್ಟ ಪ್ರಾಮಾಣಿಕ ಬಳಕೆದಾರರೂ ಈ ಪಟ್ಟಿಯಲ್ಲಿ ಬರುತ್ತಾರೆ. ಪಾಸ್‌ವರ್ಡ್ ಇಟ್ಟ ಸಮಯ ನಿಮ್ಮಲ್ಲಿ ದಾಖಲಾಗಿದ್ದು, ಅದು ಜೋಡಣೆಯ ನಂತರದ್ದಾಗಿದ್ದರೆ ಅವರನ್ನು ತೆಗೆದುಬಿಡಬಹುದು. ದಾಖಲಾಗಿಲ್ಲದಿದ್ದರೆ ಬೇರ್ಪಡಿಸಲು ಹೋಗಬೇಡಿ, ಎಲ್ಲರನ್ನೂ ಒಂದೇ ರೀತಿ ನೋಡಿ.

ಉಳಿದ ಖಾತೆಗಳಲ್ಲಿ ಪಾಸ್‌ವರ್ಡ್ ಅಳಿಸಿ, ಎಲ್ಲ ಸೆಷನ್‌ಗಳನ್ನೂ ಎಪಿಐ ಕೀಲಿಗಳನ್ನೂ ರದ್ದುಪಡಿಸಿ, ಬಾಕಿ ಇರುವ ಇಮೇಲ್ ಬದಲಾವಣೆಯ ಕೋರಿಕೆಗಳನ್ನು ತಿರಸ್ಕರಿಸಿ. ಬಳಕೆದಾರರ ದಾಖಲೆಗಳು ಆ ಖಾತೆಯಲ್ಲಿಯೇ ಇರುವುದರಿಂದ ಇಲ್ಲಿ ಹೊಸ ಸಾಲಿಗೆ ಹೋಗುವ ಅವಕಾಶ ಇಲ್ಲ, ಆದ್ದರಿಂದ ಮೇಲೆ ಹೇಳಿದ ಪ್ರತಿಯೊಂದು ಪ್ರವೇಶ ಮಾರ್ಗವನ್ನೂ ಕುಳಿತು ಪರಿಶೀಲಿಸಲೇಬೇಕು. ನಂತರ ಖಾತೆಯಲ್ಲಿರುವ ಗುರುತುಗಳ ಮತ್ತು ಫೋನ್ ಸಂಖ್ಯೆಗಳ ಪಟ್ಟಿಯನ್ನು ಮುಂದಿನ ಲಾಗಿನ್‌ನಲ್ಲಿ ಬಳಕೆದಾರರಿಗೆ ತೋರಿಸಿ, ತಮ್ಮದಲ್ಲದ್ದನ್ನು ತೆಗೆಯಲು ಕೇಳಿ. ಜೋಡಣೆಗೆ ಮೊದಲು ಆ ಪಾಸ್‌ವರ್ಡ್ ಮೂಲಕ, ಜೋಡಣೆಯ ನಂತರ ಎರಡೂ ದಾರಿಗಳಿಂದ ಬೇರೆ ಬೇರೆ ಜಾಲ ವಿಳಾಸಗಳಿಂದ ಲಾಗಿನ್ ನಡೆದಿದ್ದರೆ, ಆ ಖಾತೆಯ ಒಡೆಯರಿಗೆ ಸಾಮಾನ್ಯ ಪ್ರಕಟಣೆ ಸಾಲದು. ಯಾವ ದಿನಾಂಕದಿಂದ, ಯಾವ ದಾಖಲೆಗಳು ಬೇರೆಯವರ ಕಣ್ಣಿಗೆ ಬಿದ್ದಿರಬಹುದು ಎಂಬುದನ್ನು ಅವರಿಗೆ ನೇರವಾಗಿ ಬರೆದು ತಿಳಿಸಬೇಕು.